ಪ್ರತಿ ಯಾರಿಗೆ, ಯಾಕೆ?

ಗುರುವಾರ ಸಂಜೆ ಐದೂವರೆ ಆಗಿತ್ತು. ಪೀಣ್ಯದ ಕಡೆ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನಾನಾಗ ಕೆಲಸ ಮಾಡುತ್ತಿದ್ದೆ. ಪಕ್ಕದ ಮೇಜಿನ ಹುಡುಗಿ ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. "ಸರ್, ಕಳಿಸೋ ಮುಂಚೆ ಇದನ್ನ ಒಂದ್ಸಲ ನೋಡ್ತೀರಾ?" ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಅಕೌಂಟ್ಸ್ ವಿಭಾಗದ ಗುಮಾಸ್ತರೊಬ್ಬರಿಗೆ ಅವಳು ಬರೆದಿದ್ದ ಮೇಲ್ ಅದು. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: "ಇದು ನನ್ನ ಮೂರನೇ ಮೇಲ್. ಮೊದಲ ಎರಡಕ್ಕೂ ಉತ್ತರ ಬಂದಿಲ್ಲ. ರಟ್ಟಿನ ಪೆಟ್ಟಿಗೆಯವರ ಬಿಲ್ ಇನ್ನೂ ಬಾಕಿ ಇದೆ. ದಯವಿಟ್ಟು ಇವತ್ತೇ ಕ್ರಮ ಕೈಗೊಳ್ಳಿ."

ನಾಲ್ಕು ವಾಕ್ಯ. ನಾಲ್ಕೂ ನಿಜ, ಒಂದರಲ್ಲೂ ಒರಟು ಪದವಿಲ್ಲ. ಆದರೆ ನನ್ನ ಕಣ್ಣು ಹೋದದ್ದು ಅದರ ಮೇಲಿನ ಸಾಲಿಗೆ. ಸಿಸಿ ಎಂಬ ಜಾಗದಲ್ಲಿ ನಾಲ್ಕು ವಿಳಾಸಗಳಿದ್ದವು: ಆ ಗುಮಾಸ್ತರ ಮ್ಯಾನೇಜರ್, ನಮ್ಮ ಮ್ಯಾನೇಜರ್, ಸ್ಟೋರ್ಸ್‌ನ ಮೇಲ್ವಿಚಾರಕರು, ಕೊನೆಗೆ ಪೆಟ್ಟಿಗೆ ಪೂರೈಸಿದ ಸಣ್ಣ ಕಾರ್ಖಾನೆಯ ಮಾಲೀಕರು.

ಆ ನಾಲ್ಕು ವಾಕ್ಯವನ್ನೇ ಅವಳು ಗುಮಾಸ್ತರೊಬ್ಬರಿಗೇ ಕಳಿಸಿದ್ದರೆ ಅದು ಬೇಸರ ಬೆರೆತ ನೆನಪೋಲೆ ಆಗುತ್ತಿತ್ತು. ನಾಲ್ವರ ಕಣ್ಣೆದುರು ಅದೇ ಮಾತು ದೂರು ಅರ್ಜಿಯಾಗುತ್ತದೆ. ಮಾತಿನ ದನಿ ಬರೀ ಪದಗಳಲ್ಲಿ ಇರುವುದಿಲ್ಲ, ಅದು ಯಾರೆದುರು ಆಡಿದ ಮಾತು ಎಂಬುದರಲ್ಲೂ ಇರುತ್ತದೆ. ಇದು ನಮಗೆ ಹೊಸದೇನಲ್ಲ. ಬದಿಗೆ ಕರೆದು ಹೇಳುವುದಕ್ಕೂ ಹತ್ತು ಜನರ ಮುಂದೆ ಹೇಳುವುದಕ್ಕೂ ಇರುವ ಅಂತರ ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದಿರುತ್ತದೆ. ಕಿವಿಮಾತು ಎಂಬ ಪದವೇ ನಮ್ಮಲ್ಲಿದೆ. ಆದರೆ ಮೇಲ್ ಬರೆಯುವಾಗ ಈ ತಿಳಿವಳಿಕೆ ಕೈಕೊಡುತ್ತದೆ, ಏಕೆಂದರೆ ಎದುರಿಗೆ ನಿಂತ ಆ ಹತ್ತು ಜನ ಕಣ್ಣಿಗೆ ಬೀಳುವುದಿಲ್ಲ. ಅವರು ಸಣ್ಣ ಅಕ್ಷರದ ಒಂದು ಸಾಲಾಗಿ ಕೂತಿರುತ್ತಾರೆ.

ಸಿಸಿ ಎಂದರೆ ಕಾರ್ಬನ್ ಕಾಪಿ. ಟೈಪ್‌ರೈಟರ್‌ನಲ್ಲಿ ಎರಡು ಹಾಳೆಗಳ ನಡುವೆ ಮಸಿ ಕಾಗದ ಇಟ್ಟು ಬಡಿಯುತ್ತಿದ್ದ ಕಾಲದ ಹೆಸರು. ಒಂದೇ ಸಲಕ್ಕೆ ಹೆಚ್ಚು ಪ್ರತಿ ತೆಗೆದಷ್ಟೂ ಕೊನೆಯದು ಮಸುಕಾಗುತ್ತಿತ್ತು. ಹಾಗಾಗಿ ಯಾರಿಗೆ ಪ್ರತಿ ಎಂದು ಯೋಚಿಸದೆ ಬೇರೆ ದಾರಿ ಇರಲಿಲ್ಲ. ಇಮೇಲ್‌ನ ತಾಂತ್ರಿಕ ನಿಯಮಗಳನ್ನು 1982ರಲ್ಲಿ ಕ್ರೋಡೀಕರಿಸಿದ RFC 822 ಎಂಬ ದಸ್ತಾವೇಜಿನಲ್ಲೂ ಸಿಸಿಗೆ ಜಾಗವಿದೆ. ಅದರ 2008ರ ಪರಿಷ್ಕೃತ ರೂಪವಾದ RFC 5322 ಮಸಿ ಕಾಗದವನ್ನು ನೆನೆದೇ ಅದಕ್ಕೆ ಅರ್ಥ ಕೊಡುತ್ತದೆ: ಟು ಸಾಲಿನಲ್ಲಿರುವವರು ಪತ್ರದ ಮುಖ್ಯ ಓದುಗರು, ಸಿಸಿ ಸಾಲಿನವರಿಗೂ ಪತ್ರ ಹೋಗುತ್ತದೆ, ಆದರೆ ಅದರಲ್ಲಿರುವ ಮಾತು ಅವರನ್ನು ಉದ್ದೇಶಿಸಿದ್ದು ಆಗಿರಬೇಕೆಂದಿಲ್ಲ. ಅಷ್ಟೇ. ಆ ಪ್ರತಿ ಯಾಕೆ ಹೋಗುತ್ತಿದೆ ಎಂದು ಹೇಳಲು ಇಮೇಲ್‌ನಲ್ಲಿ ಜಾಗವೇ ಇಲ್ಲ.

ನಮ್ಮ ಸರ್ಕಾರಿ ಪತ್ರಗಳಲ್ಲಿ ಆ ಜಾಗ ಇದೆ. ತಾಲ್ಲೂಕು ಕಚೇರಿಯಿಂದಲೋ ಶಿಕ್ಷಣ ಇಲಾಖೆಯಿಂದಲೋ ಬಂದ ಯಾವುದಾದರೂ ಪತ್ರದ ಕೆಳಭಾಗ ನೋಡಿ. ಸಹಿಯ ಕೆಳಗೆ "ಪ್ರತಿಗಳು" ಎಂದು ಬರೆದು, ಪ್ರತಿ ಹೆಸರಿನ ಮುಂದೆ ಕಾರಣ ಕೊಟ್ಟಿರುತ್ತಾರೆ. ಒಬ್ಬರಿಗೆ "ಮಾಹಿತಿಗಾಗಿ", ಇನ್ನೊಬ್ಬರಿಗೆ "ಅಗತ್ಯ ಕ್ರಮಕ್ಕಾಗಿ", ಕೊನೆಯಲ್ಲಿ "ಕಚೇರಿ ಪ್ರತಿ". ಆ ಪತ್ರಗಳ ಭಾಷೆಯನ್ನು ಎಷ್ಟೋ ಸಲ ನಾವು ಬೇಸರದಿಂದ ಓದಿದ್ದೇವೆ. ಆದರೆ ಆ ಒಂದು ಪದ ಮಾಡುವ ಕೆಲಸ ದೊಡ್ಡದು. ಮೇಲಧಿಕಾರಿಗೆ ಪ್ರತಿ ಹೋಗಿದೆ, ಮಾಹಿತಿಗಾಗಿ ಹೋಗಿದೆ ಎಂದು ತಿಳಿದ ಕೂಡಲೇ ಪತ್ರ ಪಡೆದವನ ಎದೆಬಡಿತ ಇಳಿಯುತ್ತದೆ. ಮೇಲ್‌ನಲ್ಲಿ ಹಾಗಲ್ಲ. ಹೆಸರು ಕಾಣುತ್ತದೆ, ಕಾರಣ ಕಾಣುವುದಿಲ್ಲ. ಕಾರಣವನ್ನು ಓದುವವನೇ ಊಹಿಸಬೇಕು, ಮ್ಯಾನೇಜರ್ ಹೆಸರನ್ನು ಕಂಡವನು ಒಳ್ಳೆಯದನ್ನು ಊಹಿಸುವುದು ಅಪರೂಪ.

ಅದಕ್ಕೇ ಅಂದು ಆ ಹುಡುಗಿಗೆ ಒಂದು ಬಿಳಿ ಹಾಳೆ ಕೊಟ್ಟು, "ನಾಲ್ಕು ಹೆಸರನ್ನೂ ಬರಿಯಮ್ಮ. ಸರ್ಕಾರಿ ಪತ್ರದಲ್ಲಿ ಬರೆಯೋ ಹಾಗೆ ಮುಂದೆ ಕಾರಣ ಬರಿ" ಎಂದೆ.

ಮೊದಲ ಹೆಸರು ಗುಮಾಸ್ತರ ಮ್ಯಾನೇಜರದ್ದು. ಅವಳು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವರು ನೋಡಿದ್ರೆ ಇವರು ಬೇಗ ಮಾಡ್ತಾರೆ" ಎಂದಳು. ಅದು ಪ್ರಾಮಾಣಿಕ ಉತ್ತರ. ಆದರೆ ಅದನ್ನು ಹಾಳೆಯ ಮೇಲೆ ಬರೆದರೆ "ಒತ್ತಡಕ್ಕಾಗಿ" ಎಂದಾಗುತ್ತದೆ. ಹಾಗೆ ಬರೆಯಲು ಅವಳ ಕೈ ಓಡಲಿಲ್ಲ. ಕಾರಣವನ್ನು ಬಾಯಿಬಿಟ್ಟು ಬರೆಯಲು ಸಂಕೋಚವಾದರೆ ಆ ಹೆಸರು ಅಲ್ಲಿರಬಾರದು. ನಾನು ಇಷ್ಟು ವರ್ಷ ನೆಚ್ಚಿಕೊಂಡಿರುವ ಅಳತೆಗೋಲು ಇದೊಂದೇ.

ಎರಡನೆಯದು ನಮ್ಮ ಮ್ಯಾನೇಜರ್ ಹೆಸರು. "ನಾನು ಸುಮ್ಮನೆ ಕೂತಿಲ್ಲ ಅಂತ ಅವರಿಗೆ ಗೊತ್ತಾಗಲಿ ಅಂತ" ಎಂದಳು. ಅದು ನ್ಯಾಯವಾದ ಆಸೆಯೇ. ಬಿಲ್ ತಡವಾದರೆ ನಾಳೆ ಪ್ರಶ್ನೆ ಬರುವುದು ಅವಳಿಗೇ. ಆದರೆ ಅದನ್ನು ನಮ್ಮ ಮ್ಯಾನೇಜರ್‌ಗೆ ತಿಳಿಸಲು ಇನ್ನೊಬ್ಬರಿಗೆ ಬರೆದ ಪತ್ರವನ್ನು ಬಳಸಬೇಕಿಲ್ಲ. ಅವರ ಕೋಣೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಒಳಗೆ ಹೋಗಿ "ಪೆಟ್ಟಿಗೆ ಬಿಲ್ ಸಿಕ್ಕಿಹಾಕಿಕೊಂಡಿದೆ ಸರ್, ನಾನು ಹಿಂದೆ ಬಿದ್ದಿದ್ದೀನಿ" ಎಂದರೆ ಮುಗಿಯಿತು.

ಮೂರನೆಯವರು ಸ್ಟೋರ್ಸ್ ಮೇಲ್ವಿಚಾರಕರು. ಇಲ್ಲಿ ವಿಷಯ ಬೇರೆಯೇ ಆಯಿತು. ಬಿಲ್ ಪಾಸಾಗಬೇಕಾದರೆ ಮೂರು ಕಾಗದ ಒಂದಕ್ಕೊಂದು ತಾಳೆಯಾಗಬೇಕು: ನಾವು ಕೊಟ್ಟ ಪರ್ಚೇಸ್ ಆರ್ಡರ್, ಸರಕು ಬಂದಾಗ ಸ್ಟೋರ್ಸ್‌ನವರು ಮಾಡುವ ಜಿಆರ್‌ಎನ್, ಅಂದರೆ ಸರಕು ಸ್ವೀಕೃತಿಯ ಚೀಟಿ, ಮತ್ತು ಪೂರೈಕೆದಾರರ ಇನ್ವಾಯ್ಸ್. ಅವಳು ಅಂದುಕೊಂಡ ಹಾಗೆ ಸ್ಟೋರ್ಸ್‌ನವರಿಗೆ "ಗೊತ್ತಿರಲಿ" ಎಂದು ಪ್ರತಿ. ಆದರೆ ಜಿಆರ್‌ಎನ್‌ನಲ್ಲಿ ಏನಾದರೂ ತೊಡಕಿದ್ದರೆ ಅವರು ಬರೀ ನೋಡುವವರಲ್ಲ, ಕೆಲಸ ಮಾಡಬೇಕಾದವರು. ಹಾಗಿದ್ದರೆ ಅವರ ಜಾಗ ಟು ಸಾಲು, ಮೇಲ್‌ನ ಒಳಗೆ ಅವರ ಹೆಸರು ಹಿಡಿದು ಕೇಳಿದ ಒಂದು ಪ್ರಶ್ನೆಯೂ ಬೇಕು. ಕೆಲಸವಿರುವವರನ್ನು ಸಿಸಿಯಲ್ಲಿ ಇಟ್ಟರೆ ಕೆಲಸ ಆಗುವುದಿಲ್ಲ. ತಮ್ಮನ್ನು ಯಾರೂ ಏನೂ ಕೇಳಿಲ್ಲ ಎಂದು ಅವರು ತಿಳಿಯುತ್ತಾರೆ, ಹಾಗೆ ತಿಳಿದದ್ದು ಅವರ ತಪ್ಪಲ್ಲ.

ನಾಲ್ಕನೆಯದು ಹೊರಗಿನ ಪೂರೈಕೆದಾರರ ವಿಳಾಸ. ಇದನ್ನು ಅವಳು ಸದುದ್ದೇಶದಿಂದಲೇ ಹಾಕಿದ್ದಳು. ಪಾಪ, ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಾರೆ, ತಾನು ಪ್ರಯತ್ನಿಸುತ್ತಿದ್ದೇನೆಂದು ಅವರಿಗೂ ತಿಳಿಯಲಿ ಎಂದು. ನಾಲ್ಕರಲ್ಲಿ ಹೆಚ್ಚು ಅಪಾಯದ ಹೆಸರು ಇದೇ. ಯಾಕೆಂದು ಮುಂದೆ ಹೇಳುತ್ತೇನೆ.

ಹಾಳೆ ಮುಗಿದ ಮೇಲೆ ಅವಳಿಗೆ ಮಾಡಲು ಹೇಳಿದ ಮೊದಲ ಕೆಲಸ ಮೇಲ್ ಅಲ್ಲ, ಫೋನ್. ಎರಡು ಮೇಲ್‌ಗೆ ಉತ್ತರ ಬಾರದಿದ್ದಾಗ ನಮಗೆ ಗೊತ್ತಿರುವುದು ಉತ್ತರ ಬಂದಿಲ್ಲ ಎಂಬುದಷ್ಟೇ, ಯಾಕೆ ಬಂದಿಲ್ಲ ಎಂಬುದು ಗೊತ್ತಿಲ್ಲ. ಆ 'ಯಾಕೆ' ತಿಳಿಯದೆ ಮೇಲಿನವರ ಹೆಸರು ಹಾಕಿದರೆ ಕತ್ತಲಲ್ಲಿ ಕಲ್ಲೆಸೆದಂತೆ. ಗುಮಾಸ್ತರು ಫೋನ್ ಎತ್ತಿದರು. ವಿಷಯ ಇಷ್ಟು: ಆರ್ಡರ್ 5,000 ಪೆಟ್ಟಿಗೆಗೆ, ಬಿಲ್ಲೂ 5,000ಕ್ಕೆ, ಆದರೆ ಜಿಆರ್‌ಎನ್‌ನಲ್ಲಿ ಇದ್ದದ್ದು 4,800. ಮಳೆಗೆ ನೆನೆದು ಮೆತ್ತಗಾದ 200 ಪೆಟ್ಟಿಗೆಯನ್ನು ಸ್ಟೋರ್ಸ್‌ನವರು ಬದಿಗಿಟ್ಟಿದ್ದರು, ಆದರೆ ಅದಕ್ಕೆ ಮಾಡಬೇಕಾದ ರಿಜೆಕ್ಷನ್ ನೋಟ್‌ಗೆ ಸಹಿಯಾಗಿರಲಿಲ್ಲ. ಆ ಕಾಗದ ಬಾರದೆ ಅಕೌಂಟ್ಸ್‌ನವರು ಡೆಬಿಟ್ ನೋಟ್ ಹಾಕುವಂತಿಲ್ಲ. ಒಂದು ಪೆಟ್ಟಿಗೆಗೆ 18 ರೂಪಾಯಿ, 200ಕ್ಕೆ 3,600. ಜಿಎಸ್‌ಟಿ ಬಿಟ್ಟು 90,000 ರೂಪಾಯಿಯ ಬಿಲ್ಲು 3,600 ರೂಪಾಯಿಗಾಗಿ ನಿಂತಿತ್ತು. ಗುಮಾಸ್ತರು ಸ್ಟೋರ್ಸ್‌ನವರನ್ನು ಬಾಯಿಮಾತಿನಲ್ಲಿ ಕೇಳಿ, ಅವರ ಉತ್ತರ ಬಂದ ಮೇಲೆ ಇವಳಿಗೆ ಬರೆದರಾಯಿತು ಎಂದು ಕಾಯುತ್ತಿದ್ದರು.

ಆ ಮೂರನೇ ಮೇಲ್ ಹಾಗೇ ಹೋಗಿದ್ದರೆ? ತಪ್ಪು ಮಾಡದ ಮನುಷ್ಯನೊಬ್ಬನನ್ನು ಅವನ ಮ್ಯಾನೇಜರ್ ಎದುರು ನಿಲ್ಲಿಸಿದಂತಾಗುತ್ತಿತ್ತು. ಅವರು ಸುಮ್ಮನಿರುತ್ತಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಎಲ್ಲರಿಗೂ ಹೋಗುವಂತೆ ಉತ್ತರ ಬರೆಯುತ್ತಿದ್ದರು: ತಡ ನಮ್ಮಿಂದಲ್ಲ, ಸ್ಟೋರ್ಸ್‌ನಿಂದ. ಅದನ್ನು ಕಂಡ ಸ್ಟೋರ್ಸ್ ಮೇಲ್ವಿಚಾರಕರು, ನೆನೆದ ಪೆಟ್ಟಿಗೆ ಕಳಿಸಿದ್ದು ಯಾರು, ಅಂಥವರಿಂದ ಖರೀದಿ ಮಾಡಿದ್ದು ಯಾರು ಎಂದು ಬರೆಯುತ್ತಿದ್ದರು, ಮತ್ತೆ ಎಲ್ಲರಿಗೂ. ಅದನ್ನೆಲ್ಲ ಪೂರೈಕೆದಾರರು ತಮ್ಮ ಅಂಗಡಿಯಲ್ಲಿ ಕೂತು ಓದುತ್ತಿದ್ದರು.

ಇನ್ನೊಂದು ಕಡೆ ಕೆಲಸ ಮಾಡುವಾಗ ಇದು ನಡೆದದ್ದನ್ನೇ ನಾನು ನೋಡಿದ್ದೇನೆ. ಪೂರೈಕೆದಾರರೊಬ್ಬರ ವಿಳಾಸವನ್ನು ಯಾರೋ ಎಂಟು ಹತ್ತು ಮೇಲ್ ಹಿಂದೆ ಸೇರಿಸಿದ್ದರು. ಸರಣಿ ಬೆಳೆಯಿತು, ಆ ವಿಳಾಸ ಉದ್ದದ ಸಾಲಿನಲ್ಲಿ ಹೂತುಹೋಯಿತು. ಒಂದು ದಿನ ನಮ್ಮವರೊಬ್ಬರು ರಿಪ್ಲೈ ಆಲ್ ಒತ್ತಿ, ಇವರಿಗಿಂತ ಕಡಿಮೆ ದರ ಕೊಟ್ಟ ಇನ್ನೊಬ್ಬರ ಕೊಟೇಶನ್‌ನ ಅಂಕಿಗಳನ್ನು ಬರೆದುಬಿಟ್ಟರು. ಒಬ್ಬರು ನಂಬಿ ಕೊಟ್ಟ ದರ ಅವರ ಪ್ರತಿಸ್ಪರ್ಧಿಯ ಕೈಗೆ ಹೋಯಿತು. ಬರೆದವರು ತಿಂಗಳುಗಟ್ಟಲೆ ತಲೆಯೆತ್ತಿ ಓಡಾಡಲಿಲ್ಲ. ಯಾರಿಗೆ ಹೋಗುತ್ತದೆ ಎಂದು ನೋಡದೆ ಒತ್ತಿದ ಒಂದು ಗುಂಡಿ ಅಷ್ಟಕ್ಕೆ ಕಾರಣವಾಯಿತು. ರಿಪ್ಲೈ ಆಲ್ ಎಂದರೆ ಕಳಿಸಿದವರಿಗೆ, ಟು ಸಾಲಿನ ಎಲ್ಲರಿಗೆ, ಸಿಸಿ ಸಾಲಿನ ಎಲ್ಲರಿಗೆ. ಒಮ್ಮೆ ಸೇರಿದ ಹೆಸರು ಯಾರಾದರೂ ತೆಗೆಯುವವರೆಗೆ ಪ್ರತಿಯೊಂದು ಉತ್ತರಕ್ಕೂ ಅಂಟಿಕೊಂಡು ಬರುತ್ತದೆ. ಆದ್ದರಿಂದ ಸಿಸಿಗೆ ಒಂದು ಹೆಸರು ಸೇರಿಸುವುದೆಂದರೆ ನನ್ನ ಒಂದು ಮೇಲ್ ಓದಿಸುವುದು ಮಾತ್ರವಲ್ಲ. ಮುಂದೆ ಯಾರ್‍ಯಾರೋ ಬರೆಯಲಿರುವ, ನಾನಿನ್ನೂ ಓದಿರದ ಮಾತುಗಳಿಗೂ ಅವರನ್ನು ಕೂರಿಸುವುದು.

ಮ್ಯಾನೇಜರ್‌ಗೆ ಸಿಸಿ ಹಾಕುವುದು ಕೆಲಸದ ಜಾಗದ ನಂಬಿಕೆಯನ್ನು ಹೇಗೆ ಕೊರೆಯುತ್ತದೆ ಎಂಬುದನ್ನು ಡೇವಿಡ್ ಡಿ ಕ್ರೀಮರ್ ಎಂಬ ಸಂಶೋಧಕರು ಸಹೋದ್ಯೋಗಿಗಳ ಜೊತೆ ಆರು ಅಧ್ಯಯನಗಳಲ್ಲಿ ಪರೀಕ್ಷಿಸಿದ್ದಾರೆ. ಅದರ ಬಗ್ಗೆ 2017ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದರು. ಸಹೋದ್ಯೋಗಿ ಪ್ರತಿ ಮೇಲ್‌ಗೂ ಮೇಲಧಿಕಾರಿಯ ಪ್ರತಿ ಇಡುತ್ತಾನೆ ಎಂದು ಕಲ್ಪಿಸಿಕೊಳ್ಳಲು ಕೆಲವರಿಗೆ ಹೇಳಲಾಗಿತ್ತು, ಉಳಿದವರಿಗೆ ಅಪರೂಪಕ್ಕೋ ಆಗೊಮ್ಮೆ ಈಗೊಮ್ಮೆಯೋ ಎಂದು. "ಪ್ರತಿ ಸಲ" ಎಂಬ ಗುಂಪಿನವರು ತಮ್ಮ ಮೇಲೆ ನಂಬಿಕೆ ಇಲ್ಲ ಎಂದು ಉಳಿದವರಿಗಿಂತ ಹೆಚ್ಚಾಗಿ ಭಾವಿಸಿದರು. ಅದು ಅಲ್ಲಿಗೆ ನಿಲ್ಲಲಿಲ್ಲ. ಇಡೀ ಸಂಸ್ಥೆಯಲ್ಲೇ ನಂಬಿಕೆ ಕಡಿಮೆ ಇರಬೇಕು ಎಂಬ ತೀರ್ಮಾನಕ್ಕೂ ಅವರು ಬಂದರು. ಒಬ್ಬರ ಅಭ್ಯಾಸದಿಂದ ಇಡೀ ಕಚೇರಿಯ ಮೇಲೆ ಅನುಮಾನ ಹುಟ್ಟುವುದೆಂದರೆ ಇದೇ.

ಹಾಗೆಂದು ಮ್ಯಾನೇಜರ್‌ಗೆ ಸಿಸಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಎದುರಿನವರ ಅಧಿಕಾರದಲ್ಲಿ ಇಲ್ಲದ ತೀರ್ಮಾನ ಬೇಕಾದಾಗ ಅವರ ಮೇಲಿನವರು ಇರಲೇಬೇಕು. ಗುಮಾಸ್ತರು 3,600 ರೂಪಾಯಿಯ ಡೆಬಿಟ್ ನೋಟ್ ಹಾಕಬಲ್ಲರು, ಮುಂಗಡ ಪಾವತಿಗೆ ಒಪ್ಪಿಗೆ ಕೊಡಲಾರರು. ಮುಂಗಡ ಕೇಳುವ ಮೇಲ್‌ನಲ್ಲಿ ಅವರ ಮ್ಯಾನೇಜರ್ ಹೆಸರು ಕಂಡರೆ ಯಾರೂ ನೊಂದುಕೊಳ್ಳುವುದಿಲ್ಲ. ಮ್ಯಾನೇಜರೇ "ಇದರಲ್ಲಿ ನನ್ನನ್ನೂ ಇಡು" ಎಂದಿದ್ದರೆ ಇಡಬೇಕು, ಆದರೆ ಮೊದಲ ಸಾಲಿನಲ್ಲೇ ಅದನ್ನು ಹೇಳಿಬಿಡಬೇಕು: "ಸರ್ ಈ ಆರ್ಡರ್ ಮೇಲೆ ಗಮನ ಇಡುತ್ತಿದ್ದಾರೆ, ಅದಕ್ಕೆ ಅವರ ಹೆಸರೂ ಸೇರಿಸಿದ್ದೇನೆ." ಒಂದೇ ಸಾಲು, ಎದುರಿನವರ ಊಹೆಗೆ ಕೆಲಸವೇ ಉಳಿಯುವುದಿಲ್ಲ. ಕಿರುಕುಳ, ಲಂಚ, ಸುರಕ್ಷತೆಯ ಲೋಪದಂಥ ವಿಷಯಗಳು ಇದಕ್ಕೆಲ್ಲ ಹೊರತು. ಅಲ್ಲಿ ಎದುರಿನವರ ಮುಜುಗರ ನೋಡುತ್ತ ಕೂರಬಾರದು. ಮೊದಲ ದಿನದಿಂದಲೇ ಬರವಣಿಗೆಯಲ್ಲಿ, ಸರಿಯಾದ ಸಮಿತಿಗೋ ಅಧಿಕಾರಿಗೋ ಹೋಗಬೇಕು.

ಕಷ್ಟ ಬರುವುದು ನಡುವಿನ ಪ್ರಸಂಗದಲ್ಲಿ: ಕೇಳಿದ್ದೇವೆ, ನೆನಪಿಸಿದ್ದೇವೆ, ಫೋನ್ ಮಾಡಿದ್ದೇವೆ, ಆದರೂ ಕೆಲಸ ಆಗಿಲ್ಲ, ದಿನ ಹತ್ತಿರ ಬಂದಿದೆ. ಆ ಬಿಲ್‌ನ ಲೆಕ್ಕವನ್ನೇ ನೋಡಿ. ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು ಸರಕು ಒಪ್ಪಿಕೊಂಡ ದಿನದಿಂದ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ತಪ್ಪಿದರೆ ಬಡ್ಡಿ. ಆ ಗುರುವಾರ 31ನೇ ದಿನ. ನಮ್ಮಲ್ಲಿ ಪಾವತಿ ಆಗುತ್ತಿದ್ದದ್ದು ವಾರಕ್ಕೊಮ್ಮೆ, ಶುಕ್ರವಾರ. ಮಾರನೇ ದಿನದ ಶುಕ್ರವಾರಕ್ಕೆ ಕಾಗದ ಸಿದ್ಧವಾಗುವಂತಿರಲಿಲ್ಲ. ಮುಂದಿನ ಶುಕ್ರವಾರ 39ನೇ ದಿನ, ಅದರಾಚೆಯ ಶುಕ್ರವಾರ 46ನೆಯದು. ಹಾಗಾಗಿ ಕಾಗದದ ಮೇಲೆ ಇನ್ನೂ ಹದಿನಾಲ್ಕು ದಿನ ಇದ್ದರೂ ನಿಜವಾಗಿ ಉಳಿದಿದ್ದದ್ದು ಒಂದೇ ಒಂದು ಪಾವತಿಯ ದಿನ. ಅದರಿಂದ ಹಿಂದಕ್ಕೆ ಎಣಿಸಿದರೆ, ಸೋಮವಾರ ರಿಜೆಕ್ಷನ್ ನೋಟ್ ಆಗಬೇಕು, ಮಂಗಳವಾರ ಸಂಜೆಗೂ ಆಗದಿದ್ದರೆ ಮೇಲಿನವರಿಗೆ ಹೇಳಲೇಬೇಕು. ಮ್ಯಾನೇಜರ್ ಹೆಸರು ಸೇರಿಸುವ ಹೊತ್ತು ನಮ್ಮ ಸಿಟ್ಟು ಏರಿದಾಗ ಬರುವುದಲ್ಲ, ಕ್ಯಾಲೆಂಡರ್ ಹೇಳಿದಾಗ ಬರುವುದು.

ಆ ಹೊತ್ತು ಬಂದಾಗಲೂ ಯಾವ ಮ್ಯಾನೇಜರ್ ಎಂಬ ಪ್ರಶ್ನೆ ಇದೆ. ಹೆಚ್ಚಿನವರು ಎದುರಿನವರ ಮ್ಯಾನೇಜರನ್ನು ಸೇರಿಸುತ್ತಾರೆ. ನಾನು ಮೊದಲು ನನ್ನ ಮ್ಯಾನೇಜರ್ ಬಳಿ ಹೋಗುತ್ತೇನೆ. ಅವರು ತಮ್ಮ ಸಮಾನರಾದ ಇನ್ನೊಬ್ಬ ಮ್ಯಾನೇಜರ್ ಜೊತೆ ಕಾಫಿ ಕುಡಿಯುತ್ತ ಎರಡು ಮಾತಾಡಿದರೆ ಮುಗಿಯುವ ಸಂಗತಿ ಅದು. ಅದಕ್ಕೂ ಮುಂಚೆ ಎದುರಿನವರಿಗೆ ಒಂದು ಮಾತು ಹೇಳಿರಬೇಕು: "ಮಂಗಳವಾರದೊಳಗೆ ಆಗದಿದ್ದರೆ ನಾನು ನಮ್ಮ ಸರ್‌ಗೆ ಹೇಳಬೇಕಾಗುತ್ತೆ, ನಿಮಗೆ ಗೊತ್ತಿರಲಿ ಅಂತ ಹೇಳ್ತಿದ್ದೀನಿ." ಇದನ್ನು ಫೋನ್‌ನಲ್ಲಿ, ಸಮಾಧಾನದ ದನಿಯಲ್ಲಿ ಹೇಳಬೇಕು. ಬರೆದರೆ ಇದೇ ಮಾತು ಬೆದರಿಕೆಯಂತೆ ಕೇಳುತ್ತದೆ.

ಬರೆದ ಮಾತಿನ ದನಿಯನ್ನು ನಾವು ಎಷ್ಟು ತಪ್ಪಾಗಿ ಅಂದಾಜು ಮಾಡುತ್ತೇವೆ ಎಂಬುದಕ್ಕೆ 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಿವೆ. ಕೆಲವು ಮಾತನ್ನು ಗಂಭೀರವಾಗಿ, ಕೆಲವನ್ನು ವ್ಯಂಗ್ಯವಾಗಿ ಇನ್ನೊಬ್ಬರಿಗೆ ತಲುಪಿಸಬೇಕಿತ್ತು. ಇಮೇಲ್ ಮೂಲಕ ಕಳಿಸಿದವರು, ನೂರಕ್ಕೆ ಸುಮಾರು 78 ಸಲ ತಮ್ಮ ದನಿ ಸರಿಯಾಗಿ ತಿಳಿಯುತ್ತದೆ ಎಂದುಕೊಂಡಿದ್ದರು. ತಿಳಿದದ್ದು ಸುಮಾರು 56 ಸಲ. ಎರಡೇ ಆಯ್ಕೆ ಇರುವಾಗ ಕಣ್ಣುಮುಚ್ಚಿ ಹೇಳಿದರೂ 50 ಸರಿಯಾಗುತ್ತದೆ. ದನಿಯಲ್ಲಿ ಹೇಳಿದವರ ಮಾತು ಇದಕ್ಕಿಂತ ಎಷ್ಟೋ ಚೆನ್ನಾಗಿ ತಲುಪಿತ್ತು. ಬರೆಯುವಾಗ ನಮ್ಮ ತಲೆಯೊಳಗೆ ನಮ್ಮದೇ ದನಿ ಕೇಳುತ್ತಿರುತ್ತದೆ, ಓದುವವರಿಗೆ ಅದು ಕೇಳುವುದಿಲ್ಲ. ನಮಗಂತೂ ಇನ್ನೊಂದು ನಷ್ಟವಿದೆ. ಕನ್ನಡದಲ್ಲಿ "ಸ್ವಲ್ಪ ನೋಡಿ ಸರ್" ಎನ್ನುವಾಗ ಆ 'ಸ್ವಲ್ಪ' ಕೆಲಸದ ಅಳತೆಯಲ್ಲ, ಅದು ವಿನಯ. ನಮ್ಮ ಕಚೇರಿಯ ಮೇಲ್‌ಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ ಹೋಗುತ್ತವೆ, ಅಲ್ಲಿ ಆ 'ಸ್ವಲ್ಪ' ಬಿದ್ದುಹೋಗುತ್ತದೆ. ಉಳಿಯುವುದು "ಡು ದಿ ನೀಡ್‌ಫುಲ್", "ಜೆಂಟಲ್ ರಿಮೈಂಡರ್" ಎಂಬ ತಣ್ಣನೆಯ ಅಚ್ಚುಗಳು.

ಇದಕ್ಕೆ ರಿಪ್ಲೈ ಆಲ್ ಸೇರಿದಾಗ ಏನಾಗುತ್ತದೆ ಎಂದು ನಾನು ಬಹಳ ಸರಣಿಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ನೋಡಿದ್ದೇನೆ. ಜಗಳ ಶುರುವಾಗುವ ಮೊದಲೇ ಭಾಷೆ ಬದಲಾಗುತ್ತದೆ. ಮೊದಲು "ಹಾಯ್" ಹೋಗುತ್ತದೆ, ಬರೀ ಹೆಸರು ಉಳಿಯುತ್ತದೆ. ಆಮೇಲೆ ದಿನಾಂಕಗಳು ಬರತೊಡಗುತ್ತವೆ: ಹನ್ನೆರಡನೇ ತಾರೀಖಿನ ನನ್ನ ಮೇಲ್‌ನಲ್ಲಿ ಈಗಾಗಲೇ ತಿಳಿಸಿದಂತೆ. "ಈಗಾಗಲೇ" ಎಂಬ ಪದ ಬಂದಲ್ಲಿ ಯಾರೋ ಸಾಕ್ಷಿ ಹೇಳುತ್ತಿದ್ದಾರೆ ಎಂದೇ ಅರ್ಥ. ಬಳಿಕ ಹಳೆಯ ಮೇಲ್‌ಗಳನ್ನು ಲಗತ್ತಿಸುತ್ತಾರೆ, ಕೆಲವು ಸಾಲು ದಪ್ಪಕ್ಷರಕ್ಕೆ ತಿರುಗುತ್ತವೆ. ಕೊನೆಯ ಗುರುತು ಒಂದಿದೆ, ಅದನ್ನು ಕಂಡರೆ ನಾನು ಕೂಡಲೇ ಕೈ ತಡೆಯುತ್ತೇನೆ: ಸರಣಿಯಲ್ಲೇ ಇರುವ ಮನುಷ್ಯನನ್ನು "ನೀವು" ಎನ್ನುವುದು ಬಿಟ್ಟು "ಅಕೌಂಟ್ಸ್‌ನವರು ಕಾಗದ ಕೊಟ್ಟಿಲ್ಲ" ಎಂದು ಮೂರನೆಯವರಂತೆ ಬರೆಯುವುದು. ಅಲ್ಲಿಗೆ ಆ ಮೇಲ್ ಅವರಿಗೆ ಬರೆದದ್ದಾಗಿ ಉಳಿಯಲಿಲ್ಲ. ಸಿಸಿಯಲ್ಲಿ ಕೂತು ನೋಡುತ್ತಿರುವವರಿಗೆ ಬರೆದದ್ದು.

ಆ ಘಟ್ಟದಲ್ಲಿ ಇನ್ನೊಂದು ಒಳ್ಳೆಯ ಮೇಲ್ ಬರೆದು ಸರಿಮಾಡುತ್ತೇನೆ ಎಂಬುದು ಆಗದ ಮಾತು. ಎಷ್ಟೇ ಮೃದುವಾಗಿ ಬರೆದರೂ ಎಲ್ಲರೆದುರು ಬರೆದ ಮೃದು ಮಾತು ಪ್ರದರ್ಶನದಂತೆ ಕಾಣುತ್ತದೆ. ಅಲ್ಲಿ ಮಾಡಬೇಕಾದ್ದು ಆ ಒಬ್ಬರ ಹತ್ತಿರ ನಡೆದು ಹೋಗುವುದು ಅಥವಾ ಫೋನ್ ಎತ್ತುವುದು. ಮಾತಾಡಿ ಮುಗಿದ ಮೇಲೆ ಇಬ್ಬರಲ್ಲೊಬ್ಬರು ಎಲ್ಲರಿಗೂ ಒಂದೇ ಮೇಲ್ ಹಾಕಬೇಕು: ನಾವಿಬ್ಬರೂ ಮಾತಾಡಿದೆವು, ಹೀಗೆ ಮಾಡುತ್ತಿದ್ದೇವೆ, ಈ ದಿನಕ್ಕೆ ಮುಗಿಯುತ್ತದೆ. ಆ ಕೊನೆಯ ಮೇಲ್ ಮುಖ್ಯ. ಅದು ಇಲ್ಲದಿದ್ದರೆ ನೋಡುತ್ತಿದ್ದ ಮ್ಯಾನೇಜರುಗಳ ಮನಸ್ಸಿನಲ್ಲಿ ಜಗಳ ಹಾಗೇ ತೆರೆದು ಉಳಿಯುತ್ತದೆ.

ಜಗಳವಿಲ್ಲದ ರಿಪ್ಲೈ ಆಲ್ ಕೂಡ ಇದೆ, ಅದರದು ಬೇರೆ ಕಥೆ. 60 ಜನರ ವಿಭಾಗದಲ್ಲಿ ಒಬ್ಬರಿಗೆ ಬಡ್ತಿ ಸಿಗುತ್ತದೆ. ಇಪ್ಪತ್ತು ಜನ ಎಲ್ಲರಿಗೂ ಹೋಗುವಂತೆ ಅಭಿನಂದನೆ ಬರೆದರೆ ಒಬ್ಬೊಬ್ಬರ ಮೇಲ್ 59 ಜನರಿಗೆ ಹೋಗಿ ಒಟ್ಟು 1,180 ಮೇಲ್ ಆಗುತ್ತದೆ. ಅಳಿಸುವ ಶ್ರಮ ಇರಲಿ, ನನ್ನನ್ನು ಕಾಡುವುದು ಇದರೊಳಗಿನ ಒತ್ತಾಯ. ಹತ್ತು ಜನ ಬರೆದ ಮೇಲೆ ಹನ್ನೊಂದನೆಯವರು ಬರೆಯದಿದ್ದರೆ ಹೊಟ್ಟೆಕಿಚ್ಚು ಎಂದು ತಿಳಿದಾರೆಂಬ ಭಯ. ಸಾವಿನ ಸುದ್ದಿಯಲ್ಲಿ ಇದು ಇನ್ನೂ ಕೆಟ್ಟದಾಗುತ್ತದೆ. ತಂದೆಯನ್ನು ಕಳೆದುಕೊಂಡವರ ಪೆಟ್ಟಿಗೆಯಲ್ಲಿ ಮೂರು ಅಕ್ಷರದ ಸಂತಾಪ ನಲವತ್ತು ಬಂದು ಬಿದ್ದಿರುತ್ತವೆ, ಅವುಗಳ ನಡುವೆ ಯಾರೋ ಮನಸಾರೆ ಬರೆದ ನಾಲ್ಕು ಸಾಲು ಸಿಕ್ಕುವುದಿಲ್ಲ. ಸಂತಾಪ ಅವರೊಬ್ಬರಿಗೇ ಬರೆಯಬೇಕಾದ್ದು. ಇಂಥ ಸುದ್ದಿ ಕಳಿಸುವವರೇ ಎಲ್ಲರ ವಿಳಾಸವನ್ನು ಬಿಸಿಸಿಯಲ್ಲಿ ಇಟ್ಟರೆ ರಿಪ್ಲೈ ಆಲ್ ಒತ್ತಿದರೂ ಉತ್ತರ ಆ ಪಟ್ಟಿಗೆ ಹೋಗುವುದಿಲ್ಲ. ಬಿಸಿಸಿಯ ಸರಿಯಾದ ಬಳಕೆ ಇದು. ಮ್ಯಾನೇಜರ್‌ಗೆ ಗುಟ್ಟಾಗಿ ತೋರಿಸಲು ಅದನ್ನು ಬಳಸಬಾರದು. ಅವರು ತಮ್ಮ ಹೆಸರು ಅಡಗಿದೆ ಎಂದು ಗಮನಿಸದೆ ರಿಪ್ಲೈ ಆಲ್ ಒತ್ತಿದರೆ ಗುಟ್ಟು ಬಯಲಾಗುತ್ತದೆ, ಆಮೇಲೆ ಎದುರಿನವರು ನಿಮ್ಮನ್ನು ನಂಬುವುದಿಲ್ಲ.

ದೊಡ್ಡ ಕಂಪನಿಗಳಲ್ಲಿ ಇದು ಬಿರುಗಾಳಿಯೇ ಆಗಿದೆ. 1997ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನಲ್ಲಿ Bedlam DL3 ಎಂಬ, ಸಾವಿರಾರು ಉದ್ಯೋಗಿಗಳಿದ್ದ ಪಟ್ಟಿಗೆ ಒಬ್ಬರು "ನನ್ನನ್ನು ಇದರಿಂದ ತೆಗೆಯಿರಿ" ಎಂದು ಬರೆದರು. "ನನ್ನನ್ನೂ" ಎಂದು ಉಳಿದವರು ಎಲ್ಲರಿಗೂ ಬರೆದರು. ಸುಮಾರು ಒಂದೂವರೆ ಕೋಟಿ ಮೇಲ್ ಹರಿದು ಅವರ ವ್ಯವಸ್ಥೆಯೇ ಕುಸಿಯಿತು. ಅದೇ ಕಂಪನಿ 2020ರಲ್ಲಿ ತನ್ನ ಮೇಲ್ ಸೇವೆಯಲ್ಲಿ ಒಂದು ತಡೆ ಇಟ್ಟಿತು. ಐದು ಸಾವಿರಕ್ಕಿಂತ ಹೆಚ್ಚು ಜನರಿಗೆ ಒಂದು ಗಂಟೆಯಲ್ಲಿ ಹತ್ತು ರಿಪ್ಲೈ ಆಲ್ ಹೋದರೆ ಮುಂದಿನ ನಾಲ್ಕು ಗಂಟೆ ಆ ಸರಣಿಗೆ ಬೀಗ. ಆರು ಜನರ ಸರಣಿಯಲ್ಲಿ ಮನಸ್ಸು ಮುರಿಯುವುದನ್ನು ತಡೆಯಲು ಯಾವ ಬೀಗವೂ ಇಲ್ಲ. ಎರಡು ಸಣ್ಣ ಅನುಕೂಲ ಮಾತ್ರ ಇವೆ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ Default reply behavior ಎಂಬಲ್ಲಿ Reply ಆರಿಸಿಟ್ಟರೆ ಎಲ್ಲರಿಗೂ ಉತ್ತರಿಸಲು ಬೇಕೆಂದೇ ಒತ್ತಬೇಕಾಗುತ್ತದೆ. Undo Send ಅನ್ನು 30 ಸೆಕೆಂಡಿಗೆ ಏರಿಸಿದರೆ ಅಷ್ಟು ಹೊತ್ತು ವಾಪಸ್ ಪಡೆಯಬಹುದು. ನಾನು ಮೇಲ್ ಪೂರ್ತಿ ಬರೆದ ಮೇಲೆಯೇ ವಿಳಾಸ ತುಂಬುತ್ತೇನೆ.

ಆ ಹುಡುಗಿಯ ಮೇಲ್‌ಗೆ ಮರಳುತ್ತೇನೆ. ಅವಳು ಹೊಸದಾಗಿ ಬರೆದಳು. ಟು ಸಾಲಿನಲ್ಲಿ ಇಬ್ಬರು, ಸ್ಟೋರ್ಸ್ ಮೇಲ್ವಿಚಾರಕರು ಮತ್ತು ಅಕೌಂಟ್ಸ್ ಗುಮಾಸ್ತರು. ಸಿಸಿ ಖಾಲಿ. ವಿಷಯದ ಸಾಲಿನಲ್ಲಿ "ಪೆಟ್ಟಿಗೆ ಬಿಲ್: 200ರ ವ್ಯತ್ಯಾಸ, ಸೋಮವಾರದೊಳಗೆ ರಿಜೆಕ್ಷನ್ ನೋಟ್" ಎಂದು ಹಾಕಿದಳು. ಒಳಗೆ ಹೀಗಿತ್ತು:

"ಸರ್, ಇಬ್ಬರಿಗೂ ನಮಸ್ಕಾರ. ಬಿಲ್ 5,000 ಪೆಟ್ಟಿಗೆಗೆ ಇದೆ, ಜಿಆರ್‌ಎನ್ 4,800ಕ್ಕೆ. ನೆನೆದ 200 ಪೆಟ್ಟಿಗೆಯ ರಿಜೆಕ್ಷನ್ ನೋಟ್ ಸೋಮವಾರ ಸಂಜೆಯೊಳಗೆ ಸ್ಟೋರ್ಸ್‌ನಿಂದ ಸಿಗಬಹುದೇ? ಸಿಕ್ಕರೆ ಅಕೌಂಟ್ಸ್‌ನಲ್ಲಿ 3,600 ರೂಪಾಯಿಗೆ ಡೆಬಿಟ್ ನೋಟ್ ಹಾಕಿ ಉಳಿದ 86,400 ಮುಂದಿನ ಶುಕ್ರವಾರದ ಪಾವತಿಯಲ್ಲಿ ಸೇರಿಸಲು ಆಗುತ್ತದೆಯೇ? ಆ ಶುಕ್ರವಾರ ತಪ್ಪಿದರೆ 45 ದಿನ ದಾಟುತ್ತದೆ. ಪೂರೈಕೆದಾರರಿಗೆ ನಾನೇ ಫೋನ್ ಮಾಡಿ 200ರ ವಿಷಯ ತಿಳಿಸುತ್ತೇನೆ."

ಮೂರನೇ ಮೇಲ್ ಎಂಬ ಮಾತು ಇದರಲ್ಲಿ ಇಲ್ಲ. ಆ ಮಾತು ಯಾರಿಗೂ ಮುಂದೆ ಏನು ಮಾಡಬೇಕೆಂದು ಹೇಳುವುದಿಲ್ಲ. ಸೋಮವಾರ ಮಧ್ಯಾಹ್ನ ಸ್ಟೋರ್ಸ್‌ನವರು ನೋಟ್‌ಗೆ ಸಹಿ ಹಾಕಿ ಕಳಿಸಿದರು. ಶುಕ್ರವಾರ, 39ನೇ ದಿನ, ಹಣ ಹೋಯಿತು.

ಮರುವಾರ ಅವಳು ಗುಮಾಸ್ತರಿಗೆ ಧನ್ಯವಾದದ ಮೇಲ್ ಬರೆದಳು. ಈ ಸಲ ಅವರ ಮ್ಯಾನೇಜರ್ ಹೆಸರನ್ನು ಸಿಸಿಯಲ್ಲಿ ಇಟ್ಟಳು, ಮೊದಲ ಸಾಲಿನಲ್ಲೇ ಕಾರಣವನ್ನೂ ಬರೆದಳು: "ಸರ್, ನಿಮಗೆ ಪ್ರತಿ ಮಾಹಿತಿಗಾಗಿ ಮಾತ್ರ. ಇವರು ವ್ಯತ್ಯಾಸ ಹಿಡಿದು ಹೇಳದಿದ್ದರೆ ಬಾರದ ಸರಕಿಗೆ 3,600 ರೂಪಾಯಿ ಹೆಚ್ಚಿಗೆ ಕೊಟ್ಟುಬಿಡುತ್ತಿದ್ದೆವು." ಗುಮಾಸ್ತರು ಅದಕ್ಕೆ ಉತ್ತರಿಸಿದ್ದು ಎಲ್ಲರಿಗೂ ಅಲ್ಲ, ಅವಳೊಬ್ಬಳಿಗೇ. ಒಂದೇ ಸಾಲು ಇತ್ತು: "ಮುಂದಿನ ಸಲ ಮೊದಲ ಮೇಲ್ ಹಾಕಿದ ದಿನವೇ ಫೋನ್ ಮಾಡಮ್ಮ, ನನ್ನ ಇಂಟರ್‌ಕಾಮ್ ನಂಬರ್ ಕೆಳಗೆ ಕೊಟ್ಟಿದ್ದೀನಿ."